ಕೂಟದ ಪಟ್ಟಿ ಹಿಡಿದು ಮನೆಮಾತು ಅಳೆಯುವುದು ಹೇಗೆ?

ಪ್ರಶ್ನೆ: ಅಮೆರಿಕದ ಒಂದು ನಗರದ ಕನ್ನಡ ಕೂಟದ ಸಮಿತಿಯಲ್ಲಿದ್ದೇನೆ. ಮಕ್ಕಳಲ್ಲಿ ಕನ್ನಡ ಎಷ್ಟು ಉಳಿದಿದೆ ಎಂದು ತಿಳಿಯಲು ಸದಸ್ಯರಿಗೆ ಇಮೇಲ್ ಮತ್ತು ವಾಟ್ಸಾಪ್‌ನಲ್ಲಿ ಒಂದು ಫಾರಂ ಕಳಿಸಿದೆವು. 600 ಸದಸ್ಯ ಮನೆಗಳಲ್ಲಿ 180 ಉತ್ತರ ಕೊಟ್ಟವು. ನೂರಕ್ಕೆ 80 ಮನೆಗಳು 'ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ' ಅಂದಿವೆ. ಹೈಸ್ಕೂಲಿಗೆ ಹೋಗುವ ನನ್ನ ಮಗಳ ಗೆಳತಿಯರನ್ನು ನೋಡಿದರೆ ಇದು ನಂಬುವ ಹಾಗಿಲ್ಲ. ಲಿಂಕನ್ನು ಇನ್ನಷ್ಟು ಗುಂಪುಗಳಿಗೆ ಹಾಕಿ 500 ಮನೆ ಜಾಸ್ತಿ ಸೇರಿಸಿದರೆ ಲೆಕ್ಕ ಸರಿಹೋಗುತ್ತದೆಯೇ? ಕೂಟ ಬಿಟ್ಟರೆ ನಮಗೆ ಬೇರೆ ಪಟ್ಟಿಯೇ ಇಲ್ಲ.

ಉತ್ತರ: ಸರಿಹೋಗುವುದಿಲ್ಲ. ಅದೇ ದಾರಿಯಲ್ಲಿ ಇನ್ನೂ 500 ಮನೆ ಬಂದರೆ ನಿಮ್ಮ 80 ಇನ್ನಷ್ಟು ಗಟ್ಟಿಯಾಗಿ ಕಾಣುತ್ತದೆ, ಅಷ್ಟೆ. ಇಲ್ಲಿ ಸಂಖ್ಯೆ ಕಡಿಮೆ ಆದದ್ದು ತೊಂದರೆಯಲ್ಲ. ಯಾರು ನಿಮ್ಮ ಕೈಗೆ ಸಿಗುತ್ತಾರೆ ಅನ್ನುವುದು ತೊಂದರೆ.

ಜನ ಕೂಟಕ್ಕೆ ಯಾಕೆ ಸೇರುತ್ತಾರೆ ಎಂದು ಸ್ವಲ್ಪ ಯೋಚಿಸಿ. ಹಲವರಿಗೆ ಮೊದಲ ಕಾರಣವೇ ಮಕ್ಕಳು. ಭಾನುವಾರದ ಕನ್ನಡ ತರಗತಿ ಬೇಕು, ಯುಗಾದಿಗೆ ಮಗು ವೇದಿಕೆ ಮೇಲೆ ನಾಲ್ಕು ಸಾಲು ಹೇಳಬೇಕು. ಅಂದರೆ ನೀವು ಅಳೆಯಲು ಹೊರಟ ಗುಣವೇ ಅವರನ್ನು ನಿಮ್ಮ ಪಟ್ಟಿಗೆ ತಂದಿದೆ. ಪಂಕ್ತಿಯಲ್ಲಿ ಕೂತವರನ್ನು ಎಣಿಸಿ ಊರಿಗೆ ಊರೇ ಊಟ ಮಾಡಿತು ಅಂದ ಹಾಗೆ ಇದು. ಸದಸ್ಯರಿಗೆ ವಯಸ್ಸು ಜಾಸ್ತಿ, ಸಂಬಳ ಜಾಸ್ತಿ ಎಂಬಂಥ ವ್ಯತ್ಯಾಸವನ್ನಾದರೆ ಆಮೇಲೆ ಲೆಕ್ಕದಲ್ಲಿ ತಿದ್ದಬಹುದು. ಇದು ಹಾಗೆ ಸುಲಭಕ್ಕೆ ಬಗ್ಗುವುದಿಲ್ಲ.

ಅದರ ಮೇಲೆ ಇನ್ನೂ ಎರಡು ಜರಡಿ ಇವೆ. ಸದಸ್ಯರಲ್ಲಿ ಎಲ್ಲರೂ ನಿಮ್ಮ ಸಂದೇಶ ಓದಿರುವುದಿಲ್ಲ. ಓದಿದವರಲ್ಲೂ ಎಲ್ಲರೂ ಫಾರಂ ತುಂಬಿರುವುದಿಲ್ಲ. ಮಗ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾನೆ ಎಂದು ಒಳಗೊಳಗೇ ಬೇಸರ ಇರುವ ಅಪ್ಪ 'ಮನೆಯಲ್ಲಿ ಕನ್ನಡ' ಎಂಬ ಶೀರ್ಷಿಕೆ ನೋಡಿ 'ಆಮೇಲೆ ತುಂಬೋಣ' ಅಂದುಕೊಳ್ಳುತ್ತಾನೆ. ಆ ಆಮೇಲೆ ಬರುವುದೇ ಇಲ್ಲ.

ಲಿಂಕನ್ನು ಗುಂಪಿನಿಂದ ಗುಂಪಿಗೆ ಫಾರ್ವರ್ಡ್ ಮಾಡುವುದು ಇನ್ನೂ ಅಪಾಯ. ನಾವು ಕಳಿಸುವುದು ನಮ್ಮಂಥವರಿಗೇ ಅಲ್ವಾ? ನಾಟಕ ತಂಡದವರು ನಾಟಕ ತಂಡದವರಿಗೆ, ತರಗತಿಯ ಟೀಚರು ಇನ್ನೊಬ್ಬ ಟೀಚರಿಗೆ. ಎರಡು ದಿನದಲ್ಲಿ ಅದು ಬೇರೆ ರಾಜ್ಯಕ್ಕೂ, ಬೆಂಗಳೂರಿನ ನೆಂಟರಿಗೂ ಹೋಗಿರುತ್ತದೆ. ಆಮೇಲೆ ಬಂದ ಉತ್ತರ ಯಾವ ಊರಿನದು, ಎಷ್ಟು ಜನರಿಗೆ ತಲುಪಿತ್ತು, ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಈಗಿರುವ 180ಕ್ಕೆ ಬೀಗ ಹಾಕಿ ಪಕ್ಕಕ್ಕಿಡಿ. ಅದು ಉಪಯೋಗಕ್ಕೆ ಬರುತ್ತದೆ.

ಮೊದಲ ಕೆಲಸ ಫೋನಿನದು. ಉತ್ತರ ಕೊಡದ 420 ಮನೆಗಳ ಪಟ್ಟಿ ನಿಮ್ಮ ಹತ್ತಿರವೇ ಇದೆ. ಅದರಿಂದ ಚೀಟಿ ಎತ್ತಿದ ಹಾಗೆ 40 ಮನೆ ಆರಿಸಿ. ಪರಿಚಯದವರನ್ನು ಆರಿಸಬೇಡಿ. ಕಂಪ್ಯೂಟರಿನಲ್ಲಿ ಯಾದೃಚ್ಛಿಕ ಸಂಖ್ಯೆ ಹಾಕಿ ಆರಿಸಿ. ಆ 40 ಮನೆಗಳಿಗೆ ಬಿಡದೆ ಫೋನ್ ಮಾಡಿ. ಸಂಜೆ ಒಮ್ಮೆ, ಶನಿವಾರ ಒಮ್ಮೆ, ಮತ್ತೆ ಒಂದು ವಾರ ಬಿಟ್ಟು. ಉತ್ತರ ಕೊಡದವರಲ್ಲೇ ಸಣ್ಣ ಸ್ಯಾಂಪಲ್ ತೆಗೆದು ಬೆನ್ನು ಹತ್ತುವ ಈ ಉಪಾಯವನ್ನು 1946ರಲ್ಲೇ ಹ್ಯಾನ್ಸೆನ್ ಮತ್ತು ಹರ್ವಿಟ್ಜ್ ಎಂಬ ಸಂಖ್ಯಾಶಾಸ್ತ್ರಜ್ಞರು ಲೆಕ್ಕ ಸಮೇತ ಬರೆದಿಟ್ಟಿದ್ದಾರೆ. ನಿಮ್ಮ ಆ 40 ಮನೆಗಳಲ್ಲಿ ನೂರಕ್ಕೆ 50 ಮಾತ್ರ 'ಹೌದು' ಅಂದವು ಎಂದಿಟ್ಟುಕೊಳ್ಳಿ. ಆಗ ಒಟ್ಟು ಸದಸ್ಯರ ಅಂದಾಜು ಎಷ್ಟು? ಉತ್ತರ ಕೊಟ್ಟವರು ನೂರಕ್ಕೆ 30, ಅವರಲ್ಲಿ 80. ಕೊಡದವರು ನೂರಕ್ಕೆ 70, ಅವರಲ್ಲಿ 50. ಎರಡನ್ನೂ ಕೂಡಿಸಿದರೆ 59. ನಿಮ್ಮ 80 ಎಷ್ಟು ಊದಿಕೊಂಡಿದೆ ಎಂದು ನಾಲ್ಕೈದು ಸಂಜೆಯ ಕೆಲಸದಲ್ಲಿ ಗೊತ್ತಾಗುತ್ತದೆ.

ಇಷ್ಟಾದರೂ ಅದು ಸದಸ್ಯರ ಮಾತು ಮಾತ್ರ. ಸದಸ್ಯತ್ವದ ಹಣ ಕಟ್ಟದೆ ದೀಪಾವಳಿಗೆ ಮಾತ್ರ ಟಿಕೆಟ್ ತೆಗೆದುಕೊಂಡು ಬರುವ ಮನೆಗಳಿವೆ. ಅವರನ್ನು ಹಿಡಿಯಬೇಕಾದರೆ ಪಟ್ಟಿ ಬಿಟ್ಟು ಕಾರ್ಯಕ್ರಮದ ಬಾಗಿಲಿಗೆ ಬರಬೇಕು.

ಇಲ್ಲಿ ಕ್ರಮ ಮುಖ್ಯ. ನೋಂದಣಿ ಮೇಜಿನ ಹತ್ತಿರ ಒಬ್ಬರು ನಿಂತು ಒಳಬರುವ ಪ್ರತಿ ಐದನೆಯ ಕುಟುಂಬವನ್ನು ಮಾತಾಡಿಸಬೇಕು. ನಗುಮುಖದವರು, ಪುರುಸೊತ್ತಾಗಿ ಕಾಣುವವರು ಎಂದು ನೋಡಬಾರದು. ಐದನೆಯವರು ಗಡಿಬಿಡಿಯಲ್ಲಿದ್ದರೆ ಹೆಸರು ಬೇಡ, ಫೋನ್ ನಂಬರು ಮಾತ್ರ ತೆಗೆದುಕೊಂಡು ಆಮೇಲೆ ಕೇಳಿ. ಆರನೆಯವರಿಗೆ ಹಾರಬೇಡಿ. ಜೊತೆಗೆ ಒಂದು ಪ್ರಶ್ನೆ ಕಡ್ಡಾಯ: 'ಕಳೆದ ಒಂದು ವರ್ಷದಲ್ಲಿ ಕೂಟದ ಐದು ಕಾರ್ಯಕ್ರಮಗಳಲ್ಲಿ ಎಷ್ಟಕ್ಕೆ ಬಂದಿರಿ, ಇವತ್ತಿನದೂ ಸೇರಿಸಿ?' ಇಡೀ ಲೆಕ್ಕ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ.

ಯಾಕೆ ಅಂದರೆ, ಐದಕ್ಕೂ ಬರುವ ಮನೆ ನಿಮ್ಮ ಬಲೆಗೆ ಬೀಳುವ ಅವಕಾಶ, ಒಂದಕ್ಕೆ ಮಾತ್ರ ಬರುವ ಮನೆಗಿಂತ ಐದು ಪಟ್ಟು. ಅದನ್ನು ಸರಿದೂಗಿಸಲು ಐದಕ್ಕೂ ಬಂದ ಮನೆಗೆ ಐದನೇ ಒಂದರಷ್ಟು ತೂಕ ಕೊಡಬೇಕು, ಎರಡಕ್ಕೆ ಬಂದವರಿಗೆ ಅರ್ಧ, ಒಂದಕ್ಕೆ ಬಂದವರಿಗೆ ಪೂರ್ತಿ ಒಂದು.

ಒಂದು ಲೆಕ್ಕ ಮಾಡಿಯೇ ನೋಡೋಣ. ಅಂಕಿಗಳು ನಾನು ಹಿಡಿದುಕೊಂಡವು, ಯಾವ ಕೂಟದವೂ ಅಲ್ಲ. ನೂರು ಮನೆ ಸಿಕ್ಕವು. ಐವತ್ತು ಮನೆ ಐದೂ ಕಾರ್ಯಕ್ರಮಕ್ಕೆ ಬಂದವು, ಅವುಗಳಲ್ಲಿ 45ರಲ್ಲಿ ಮಕ್ಕಳು ಕನ್ನಡ ಮಾತಾಡುತ್ತಾರೆ. ಮೂವತ್ತು ಮನೆ ಎರಡಕ್ಕೆ ಬಂದವು, ಅವುಗಳಲ್ಲಿ 18. ಇಪ್ಪತ್ತು ಮನೆ ಒಂದಕ್ಕೆ ಮಾತ್ರ, ಅವುಗಳಲ್ಲಿ 8. ಸುಮ್ನೆ ಎಣಿಸಿದರೆ ನೂರಕ್ಕೆ 71. ಈಗ ತೂಕ ಹಾಕಿ. ಐವತ್ತು ಮನೆಗಳ ತೂಕ 10 ಆಗುತ್ತದೆ, ಮೂವತ್ತರದು 15, ಇಪ್ಪತ್ತರದು 20. ಒಟ್ಟು 45. 'ಹೌದು' ಅಂದವರ ತೂಕ ಕ್ರಮವಾಗಿ 9, 9, 8. ಒಟ್ಟು 26. 26ನ್ನು 45ರಿಂದ ಭಾಗಿಸಿದರೆ ನೂರಕ್ಕೆ ಸುಮಾರು 58. ಒಂದೇ ಬಾಗಿಲು, ಅದೇ ಜನ, ಆದರೆ 71 ಇದ್ದದ್ದು 58ಕ್ಕೆ ಇಳಿಯಿತು.

ಇದಕ್ಕೆ ಬೆಲೆಯೂ ಇದೆ. ತೂಕಗಳು ಒಂದಕ್ಕೊಂದು ದೂರ ಇದ್ದಷ್ಟೂ ಸ್ಯಾಂಪಲ್ಲಿನ ಬಲ ಕುಗ್ಗುತ್ತದೆ. ತೂಕಗಳ ಮೊತ್ತದ ವರ್ಗವನ್ನು ತೂಕಗಳ ವರ್ಗದ ಮೊತ್ತದಿಂದ ಭಾಗಿಸಿದರೆ ಅದು ತಿಳಿಯುತ್ತದೆ. ಇಲ್ಲಿ 2025ನ್ನು 29.5ರಿಂದ ಭಾಗಿಸಿದರೆ ಸುಮಾರು 69. ಅಂದರೆ ನೂರು ಮನೆ ಕೇಳಿದರೂ 69 ಮನೆ ಕೇಳಿದಷ್ಟೇ ಖಾತ್ರಿ.

ಇನ್ನೊಂದು ಎಚ್ಚರಿಕೆ. ದೀಪಾವಳಿ ಮತ್ತು ರಾಜ್ಯೋತ್ಸವ ಸೇರಿಸಿ ಮಾಡುವ ದೊಡ್ಡ ಕಾರ್ಯಕ್ರಮದ ದಿನ ಮಾತ್ರ ನಿಲ್ಲಬೇಡಿ. ವರ್ಷಕ್ಕೊಮ್ಮೆ ಬರುವವರು ಬರುವುದೇ ಅವತ್ತು. ಹಾಗಾಗಿ ಆ ದಿನ ಅವರು ಮೊದಲೇ ಜಾಸ್ತಿ ಇರುತ್ತಾರೆ. ಅವರಿಗೆ ಮತ್ತೆ ಪೂರ್ತಿ ತೂಕ ಕೊಟ್ಟರೆ ಲೆಕ್ಕ ಆ ಕಡೆಗೆ ವಾಲುತ್ತದೆ. ಐದರಲ್ಲಿ ಮೂರು ಕಾರ್ಯಕ್ರಮಕ್ಕಾದರೂ ನಿಲ್ಲಿ. ಅದರಲ್ಲಿ ಒಂದು, ಅರವತ್ತು ಜನ ಬಂದರೆ ಹೆಚ್ಚು ಎನ್ನುವ ಸಾಹಿತ್ಯದ ಕಾರ್ಯಕ್ರಮವೂ ಇರಲಿ. ಆಗ ಒಂದು ಕಾರ್ಯಕ್ರಮದ ಓರೆಯನ್ನು ಇನ್ನೊಂದು ತಿದ್ದುತ್ತದೆ.

ಈಗ ನಿಜವಾದ ಕಷ್ಟಕ್ಕೆ ಬರೋಣ. ಕೂಟಕ್ಕೆ ಒಮ್ಮೆಯೂ ಬಾರದವರಿಗೆ ಯಾವ ತೂಕ ಕೊಡುತ್ತೀರಿ? ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಗಂಡ ಕನ್ನಡದವರು, ಹೆಂಡತಿ ತೆಲುಗಿನವರು ಇರುವ ಮನೆ ಎರಡೂ ಸಂಘಕ್ಕೆ ಹೋಗದೆ ಉಳಿದುಬಿಡಬಹುದು. ಅಮೆರಿಕದವರನ್ನು ಮದುವೆಯಾದವರು, ವಾರಾಂತ್ಯವೂ ಕೆಲಸ ಇರುವವರು, ಊರಾಚೆ ದೂರದಲ್ಲಿ ಮನೆ ಮಾಡಿದವರು, ಮಕ್ಕಳು ಹೈಸ್ಕೂಲಿಗೆ ಬಂದು 'ನಾನು ಬರಲ್ಲ' ಅಂದ ಮೇಲೆ ತಾವೂ ಬರುವುದು ಬಿಟ್ಟವರು, ಇವರೆಲ್ಲ ಈ ಸಾಲಿನಲ್ಲಿದ್ದಾರೆ. ಮಕ್ಕಳ ಕನ್ನಡ ತೆಳುವಾಗಿರುವ ಸಾಧ್ಯತೆ ಹೆಚ್ಚಿರುವುದೂ ಇಂಥ ಮನೆಗಳಲ್ಲೇ.

ಇಟಲಿಯ ಮಿಲಾನ್‌ನಲ್ಲಿ ವಲಸಿಗರ ಸಮೀಕ್ಷೆ ಮಾಡುವವರಿಗೂ ಇದೇ ಕಷ್ಟ ಇತ್ತು. ಅವರ ಹತ್ತಿರವೂ ಪೂರ್ತಿ ಪಟ್ಟಿ ಇರಲಿಲ್ಲ. ಅವರು ಮಾಡಿದ್ದೇನೆಂದರೆ, ವಲಸಿಗರು ಹೋಗುವ ಹಲವು ಬಗೆಯ ಜಾಗಗಳನ್ನು ಗುರುತು ಮಾಡಿ, ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ಜನರನ್ನು ಕೇಳಿದರು. ಪ್ರತಿಯೊಬ್ಬರಿಗೂ 'ಈ ಪಟ್ಟಿಯಲ್ಲಿರುವ ಬೇರೆ ಯಾವ ಜಾಗಗಳಿಗೆ ಹೋಗುತ್ತೀರಿ' ಎಂದೂ ಕೇಳಿದರು. ಹೆಚ್ಚು ಜಾಗಗಳಲ್ಲಿ ಸಿಗಬಹುದಾದವರಿಗೆ ಕಡಿಮೆ ತೂಕ, ಒಂದೇ ಜಾಗದಲ್ಲಿ ಸಿಗುವವರಿಗೆ ಜಾಸ್ತಿ. ನಾವು ಮೇಲೆ ಮಾಡಿದ ಲೆಕ್ಕವನ್ನೇ ಊರಿಗೆಲ್ಲ ಹರಡಿದ ಹಾಗೆ.

ನಿಮ್ಮ ಊರಿಗೆ ಇದನ್ನು ಇಳಿಸಿದರೆ ಇಂಡಿಯನ್ ಗ್ರೋಸರಿ ಅಂಗಡಿ ಮೊದಲ ಜಾಗ. ಕೂಟಕ್ಕೆ ಬಾರದವರಿಗೂ ಸೋನಾ ಮಸೂರಿ ಬೇಕು. ಆಮೇಲೆ ದೇವಸ್ಥಾನ, ಕ್ರಿಕೆಟ್ ಲೀಗ್, ಕನ್ನಡ ಸಿನಿಮಾ ಹಾಕಿದ ದಿನದ ಥಿಯೇಟರು. ವೀರಶೈವ ಸಮಾಜ, ಹವ್ಯಕರ ಸಂಘ, ತುಳುವರ ಕೂಟ ಇದ್ದರೆ ಅವರ ಪಟ್ಟಿಗಳಿಂದಲೂ ಒಂದಿಷ್ಟು ಮನೆ. ಒಂದೇ ಮನೆ ಎರಡು ಮೂರು ಪಟ್ಟಿಯಲ್ಲಿ ಇರುತ್ತದೆ, ಅದನ್ನು ಕೇಳಿ ಬರೆದುಕೊಳ್ಳದಿದ್ದರೆ ಅವರನ್ನೇ ಮತ್ತೆ ಮತ್ತೆ ಎಣಿಸಿದ ಹಾಗಾಗುತ್ತದೆ. ಅಂಗಡಿಯಲ್ಲಿ ಹತ್ತು ಜನರನ್ನು ತಡೆದರೆ ಒಬ್ಬ ಕನ್ನಡದವರು ಸಿಗುವುದೂ ಕಷ್ಟ. ಸ್ವಯಂಸೇವಕರಿಗೆ ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಎರಡನೇ ಶನಿವಾರಕ್ಕೆ ಯಾರೂ ಬರುವುದಿಲ್ಲ. ಅಲ್ಲಿ 'ನೀವು ಕನ್ನಡದವರಾ?' ಎಂದು ಕೇಳುವುದಕ್ಕಿಂತ 'ನಿಮ್ಮ ಮನೆಯಲ್ಲಿ ಯಾರಿಗಾದರೂ ಕನ್ನಡ ಬರುತ್ತದೆಯಾ?' ಎಂದು ಕೇಳಿ. ಮೊದಲನೆಯದಕ್ಕೆ ಅರ್ಧ ಕನ್ನಡದ ಮನೆಯವರು 'ಇಲ್ಲ' ಅಂದು ಮುಂದೆ ಹೋಗುತ್ತಾರೆ.

ಅಡ್ಡಹೆಸರು ನೋಡಿ ವಿಳಾಸ ಆರಿಸೋಣ ಎಂದು ಸಮಿತಿಯಲ್ಲಿ ಯಾರಾದರೂ ಹೇಳುತ್ತಾರೆ. ಕೆಲವು ದೇಶಗಳ ವಲಸಿಗರಿಗೆ ಅದು ನಡೆಯುತ್ತದೆ. ನಮಗೆ ನಡೆಯುವುದಿಲ್ಲ. ಗೌಡ, ಹೆಗಡೆ ಅಂದರೆ ಸರಿ. ರಾವ್ ಅಂದರೆ ತೆಲುಗಿನವರೂ ಇರಬಹುದು, ಕುಲಕರ್ಣಿ, ಪಾಟೀಲ ಅಂದರೆ ಮರಾಠಿಯವರೂ ಇರಬಹುದು. ನಮ್ಮಲ್ಲಿ ಎಷ್ಟೋ ಜನರಿಗೆ ಪಾಸ್‌ಪೋರ್ಟಿನ ಕೊನೆಯ ಹೆಸರು ಅಪ್ಪನ ಹೆಸರು, ಇಲ್ಲವೇ ಇನಿಷಿಯಲ್ ಬಿಡಿಸಿದಾಗ ಬಂದ ಊರಿನ ಹೆಸರು. ಮಂಜುನಾಥ, ಪ್ರಸಾದ್ ಎಂದು ಹುಡುಕುತ್ತಾ ಕೂರಬೇಕಾಗುತ್ತದೆ.

ಕೂಟದ ಹೊರಗಿನ ಒಂದು ಕನ್ನಡಿಯಂತೂ ಇದೆ, ಅದೂ ಪುಕ್ಕಟೆ. ಅಮೆರಿಕದ ಜನಗಣತಿ ಇಲಾಖೆ ಪ್ರತಿ ವರ್ಷ ಸುಮಾರು 35 ಲಕ್ಷ ವಿಳಾಸಗಳಿಗೆ ಅಮೆರಿಕನ್ ಕಮ್ಯುನಿಟಿ ಸರ್ವೆ ಕಳಿಸುತ್ತದೆ. ವಿಳಾಸದ ಪಟ್ಟಿಯಿಂದ ಆರಿಸುವುದರಿಂದ ಯಾರು ಯಾವ ಸಂಘದಲ್ಲಿದ್ದಾರೆ ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಐದು ವರ್ಷ ದಾಟಿದ ಪ್ರತಿಯೊಬ್ಬರ ಬಗ್ಗೆಯೂ 'ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಮಾತಾಡುತ್ತಾರಾ, ಯಾವುದು' ಎಂದು ಕೇಳುತ್ತಾರೆ. ಕನ್ನಡಕ್ಕೆ ಅಲ್ಲಿ ಪ್ರತ್ಯೇಕ ಜಾಗ ಇದೆ. ಹೆಸರು ತೆಗೆದ ಮನೆವಾರು ದತ್ತಾಂಶ ಯಾರಿಗಾದರೂ ಸಿಗುತ್ತದೆ. ಅದರ ಕಾಲಂಗಳಲ್ಲಿ SERIALNO ಒಂದೇ ಇರುವವರು ಒಂದೇ ಮನೆಯವರು, LANP ಅವರ ಭಾಷೆ, AGEP ವಯಸ್ಸು, PWGTP ಲೆಕ್ಕಕ್ಕೆ ಹಾಕುವ ತೂಕ. ಅಪ್ಪ ಅಥವಾ ಅಮ್ಮನ ಭಾಷೆ ಕನ್ನಡ ಎಂದಿರುವ ಮನೆಗಳನ್ನು ಆರಿಸಿ, ಅದೇ ಮನೆಯ 5ರಿಂದ 17 ವರ್ಷದ ಮಕ್ಕಳ ಎದುರು ಏನು ಬರೆದಿದೆ ನೋಡಿ. ಸ್ವಲ್ಪ ಪ್ರೋಗ್ರಾಮಿಂಗ್ ಗೊತ್ತಿರುವವರು ಒಂದು ವಾರಾಂತ್ಯದಲ್ಲಿ ಮಾಡಬಹುದು, ಅಂಥವರಿಗೆ ನಿಮ್ಮ ಕೂಟದಲ್ಲಿ ಬರ ಇರಲಾರದು.

ಇದರ ಮಿತಿಯೂ ತಿಳಿದಿರಲಿ. ಇಡೀ ಮನೆಯ ಪರವಾಗಿ ಒಬ್ಬರೇ ತುಂಬುತ್ತಾರೆ. ಒಂದು ಭಾಷೆ ಬರೆಯಲು ಮಾತ್ರ ಜಾಗ. ದಿನಕ್ಕೆ ಎರಡು ಮಾತೋ ಇಡೀ ದಿನವೋ, ಉತ್ತರ ಒಂದೇ. ಅಪ್ಪ ಅಮ್ಮ ಇಬ್ಬರೂ ಇಂಗ್ಲಿಷ್ ಎಂದೇ ಬರೆದಿದ್ದರೆ ಆ ಮನೆ ಕಾಣುವುದೇ ಇಲ್ಲ. ಒಂದು ಊರಿಗೆ ಸಿಗುವ ಕನ್ನಡದ ಮನೆಗಳು ಕೈಬೆರಳೆಣಿಕೆ ಇರಬಹುದು, ಆದ್ದರಿಂದ ಐದು ವರ್ಷ ಒಟ್ಟುಗೂಡಿಸಿದ ಕಡತ ತೆಗೆದುಕೊಂಡು ಇಡೀ ರಾಜ್ಯವನ್ನೋ ಇಡೀ ದೇಶವನ್ನೋ ನೋಡಿ. ಇದರ ಒಳ್ಳೆಯ ಉಪಯೋಗ ಏನೆಂದರೆ, ಸರ್ಕಾರದ ಅದೇ ಪ್ರಶ್ನೆಯನ್ನು ಪದ ಬದಲಿಸದೆ ನಿಮ್ಮ ಫಾರಂನಲ್ಲೂ ಹಾಕಬಹುದು. ಕೂಟದವರ ಉತ್ತರಕ್ಕೂ ಅಲ್ಲಿನ ಉತ್ತರಕ್ಕೂ ಎಷ್ಟು ಅಂತರ ಬರುತ್ತದೆಯೋ, ಹೆಚ್ಚು ಕಡಿಮೆ ಅಷ್ಟು ನಿಮ್ಮ ದಾರಿಯ ಓರೆ.

ಇನ್ನು ನಿಮ್ಮ ಫಾರಂನಲ್ಲಿದ್ದ ಪ್ರಶ್ನೆಯ ಬಗ್ಗೆ. ಸ್ಯಾಂಪಲ್ ಎಷ್ಟು ಚೆನ್ನಾಗಿದ್ದರೂ 'ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರಾ' ಎಂದು ಕೇಳಿದರೆ 'ಹೌದು' ಅನ್ನುವುದೇ ಸುಲಭ. ಕೂಟದ ಕಾರ್ಯದರ್ಶಿಯೇ ಕೇಳಿದರಂತೂ 'ಇಲ್ಲ' ಅನ್ನಲು ಗಟ್ಟಿ ಮನಸ್ಸು ಬೇಕು. ಎಷ್ಟೋ ಮನೆಗಳಲ್ಲಿ ಅಮ್ಮ ಕನ್ನಡದಲ್ಲಿ ಕೇಳುತ್ತಾಳೆ, ಮಗು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತದೆ. ಮಗುವಿಗೆ ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಈ ಮನೆಯವರೂ 'ಹೌದು' ಅಂತಲೇ ಬರೆಯುತ್ತಾರೆ, ಅದು ಸುಳ್ಳೂ ಅಲ್ಲ.

ಅದಕ್ಕೇ ಯಾರು ಯಾರಿಗೆ ಎಂದು ಬಿಡಿಸಿ ಕೇಳಬೇಕು. ಅಮ್ಮ ಮಗುವಿಗೆ, ಮಗು ಅಮ್ಮನಿಗೆ, ಅಪ್ಪ ಮಗುವಿಗೆ, ಮಗು ಅಪ್ಪನಿಗೆ, ಮಕ್ಕಳು ತಮ್ಮತಮ್ಮಲ್ಲಿ, ವೀಡಿಯೊ ಕಾಲಿನಲ್ಲಿ ಮಗು ಅಜ್ಜಿಗೆ. 'ಸಾಮಾನ್ಯವಾಗಿ' ಎಂದು ಕೇಳಬೇಡಿ, 'ನಿನ್ನೆ ರಾತ್ರಿ ಊಟದ ಹೊತ್ತಿಗೆ' ಎಂದು ಕೇಳಿ. ಮನೆಗೊಂದು ಉತ್ತರ ಬೇಡ, ಮಗುವಿಗೊಂದು ಇರಲಿ. ಮೊದಲ ಮಗು ಶಾಲೆಗೆ ಸೇರುವವರೆಗೆ ಕನ್ನಡದಲ್ಲೇ ಇರುತ್ತದೆ, ಎರಡನೆಯದಕ್ಕೆ ಅಕ್ಕನೋ ಅಣ್ಣನೋ ಇಂಗ್ಲಿಷನ್ನು ಮನೆಗೇ ತಂದು ಕೊಟ್ಟಿರುತ್ತಾರೆ. 'ಈಗ ಊರಿಂದ ಹಿರಿಯರು ಯಾರಾದರೂ ಬಂದು ಉಳಿದಿದ್ದಾರಾ' ಎಂಬುದನ್ನೂ ಸೇರಿಸಿ. ವಿಸಿಟರ್ ವೀಸಾದಲ್ಲಿ ಬೇಸಿಗೆಗೆ ಅಜ್ಜಿ ತಾತ ಬಂದಿರುವಾಗ ಕೇಳಿದ ಉತ್ತರವೇ ಬೇರೆ, ಜನವರಿಯ ಚಳಿಯಲ್ಲಿ ಕೇಳಿದ್ದೇ ಬೇರೆ.

ಮನೆಮಾತು ಯಾವುದು ಎಂದು ಮೊದಲೇ ಕೇಳಿಕೊಳ್ಳಿ. ಕೂಟದಲ್ಲಿ ಚೆನ್ನಾಗಿ ಕನ್ನಡ ಮಾತಾಡುವ ಮಂಗಳೂರಿನ ಮನೆಯಲ್ಲಿ ಒಳಗೆ ತುಳುವೋ ಕೊಂಕಣಿಯೋ ಬ್ಯಾರಿಯೋ ಇರಬಹುದು. ಅಲ್ಲಿ ಮಗು ಅಮ್ಮನ ಜೊತೆ ತುಳು ಮಾತಾಡಿದರೆ ಅದು ಕನ್ನಡ ಸೋತ ಮನೆ ಎಂದು ಲೆಕ್ಕ ಆಗಬಾರದು.

ಪ್ರಶ್ನೆಯನ್ನು ಹೀಗೆ ಬಿಡಿಸಿದಾಗ ಏನು ಸಿಗುತ್ತದೆ ಎಂಬುದಕ್ಕೆ ಬೆಲ್ಜಿಯಂನಲ್ಲಿ ಆನಿಕ್ ದ ಹೌವರ್ ಮಾಡಿದ ಸಮೀಕ್ಷೆ ಒಳ್ಳೆಯ ಉದಾಹರಣೆ, 2007ರಲ್ಲಿ ಪ್ರಕಟವಾದದ್ದು. ಡಚ್ ಭಾಷೆಯ ಫ್ಲಾಂಡರ್ಸ್‌ನಲ್ಲಿ, ಅಪ್ಪ ಅಮ್ಮಂದಿರಲ್ಲಿ ಒಬ್ಬರಾದರೂ ಮನೆಯಲ್ಲಿ ಬೇರೆ ಭಾಷೆ ಆಡುವ 1,899 ಕುಟುಂಬಗಳನ್ನು ಅವರು ಅಧ್ಯಯನ ಮಾಡಿದರು. ಫಾರಂ ಹೋದದ್ದು ಪ್ರಾಥಮಿಕ ಶಾಲೆಗಳ ಮೂಲಕ, ಸಂಘಗಳ ಮೂಲಕ ಅಲ್ಲ. ಹಾಗಾಗಿ ಭಾಷೆಯ ಚಿಂತೆಯೇ ಇಲ್ಲದ ಮನೆಗಳೂ ಒಳಗೆ ಬಂದವು. ಸುಮಾರು ನಾಲ್ಕರಲ್ಲಿ ಒಂದು ಕುಟುಂಬದ ಮಕ್ಕಳು ಆ ಇನ್ನೊಂದು ಭಾಷೆ ಆಡುತ್ತಲೇ ಇರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಮನೆಯಲ್ಲಿ ತಮ್ಮ ಭಾಷೆಯನ್ನೇ ಆಡುವ ಕಡೆ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಆಡುತ್ತಿದ್ದರು. ಒಬ್ಬರು ಡಚ್ ಮಾತ್ರ, ಇನ್ನೊಬ್ಬರು ಎರಡನ್ನೂ ಬೆರೆಸಿ ಆಡುವ ಕಡೆ ಬಹಳ ಕಡಿಮೆ. ಅಪ್ಪ ಏನು ಆಡುತ್ತಾರೆ, ಅಮ್ಮ ಏನು ಆಡುತ್ತಾರೆ ಎಂದು ಬೇರೆ ಬೇರೆ ಕೇಳಿದ್ದರಿಂದ ಇದು ಸಿಕ್ಕಿತು.

ನಿಮ್ಮ ಊರಿನಲ್ಲೂ ಶಾಲೆಯ ದಾರಿ ಸಿಕ್ಕರೆ ಬಿಡಬೇಡಿ. ಅಮೆರಿಕದ ಸರ್ಕಾರಿ ಶಾಲೆಗಳು ಮಗುವನ್ನು ಸೇರಿಸುವಾಗಲೇ ಮನೆಯ ಭಾಷೆ ಕೇಳುತ್ತವೆ. ಹೆಸರು ಸಿಗುವುದಿಲ್ಲ, ಭಾಷೆವಾರು ಸಂಖ್ಯೆ ಸಿಗಬಹುದು. ಒಂದು ಮಾತು ನೆನಪಿರಲಿ. ಮಗುವನ್ನು ಇಂಗ್ಲಿಷ್ ಕಲಿಕೆಯ ಬೇರೆ ತರಗತಿಗೆ ಹಾಕಿಯಾರು ಎಂದು ಹೆದರಿ 'ಇಂಗ್ಲಿಷ್' ಎಂದು ಬರೆಯುವ ಪೋಷಕರಿದ್ದಾರೆ. ಆದ್ದರಿಂದ ಅಲ್ಲಿನ ಸಂಖ್ಯೆ ಕೆಳಗೆ ವಾಲುತ್ತದೆ, ಕೂಟದ್ದು ಮೇಲೆ.

ಕೊನೆಗೆ ನಿಮ್ಮ ಮಗಳ ಗೆಳತಿಯರು. ನಿಮಗೆ ಕಂಡದ್ದು ಸುಳ್ಳಲ್ಲ, 80 ಕೂಡ ಪೂರ್ತಿ ಸುಳ್ಳಲ್ಲದೆ ಇರಬಹುದು. ಆ 180 ಮನೆಗಳ ಮಕ್ಕಳ ವಯಸ್ಸು ತೆಗೆದು ನೋಡಿ. ಕೂಟದಲ್ಲಿ ಚಿಕ್ಕ ಮಕ್ಕಳ ಮನೆಗಳೇ ಜಾಸ್ತಿ ಇದ್ದರೆ ಎರಡೂ ಒಟ್ಟಿಗೆ ನಿಜವಾಗಬಹುದು. ಇನ್ನೂ ಶಾಲೆ ಕಾಣದ ಮೂರು ವರ್ಷದ ಮಗು ಕನ್ನಡ ಆಡುವುದರಲ್ಲಿ ಏನೂ ವಿಶೇಷವಿಲ್ಲ. 5ರ ಒಳಗೆ, 5ರಿಂದ 9, 10ರಿಂದ 13, 14ರಿಂದ 17 ಎಂದು ನಾಲ್ಕು ಭಾಗ ಮಾಡಿ, ಪ್ರತಿ ಭಾಗದಲ್ಲೂ ಎಷ್ಟು ಮಕ್ಕಳು ಎಂಬುದನ್ನು ಅದರ ಪಕ್ಕದಲ್ಲೇ ಬರೆಯಿರಿ. ಕೊನೆಯ ಭಾಗದಲ್ಲಿ ಹನ್ನೆರಡು ಮಕ್ಕಳೇ ಇದ್ದರೆ ಶೇಕಡಾ ಹಾಕಬೇಡಿ, 'ಹನ್ನೆರಡರಲ್ಲಿ ನಾಲ್ಕು' ಎಂದು ಬರೆಯಿರಿ. ಹದಿಮೂರು ದಾಟಿದವರನ್ನು ಪೋಷಕರ ಒಪ್ಪಿಗೆ ಪಡೆದು ಬೇರೆಯಾಗಿಯೇ ಕೇಳಿ, ಅಪ್ಪ ಅಮ್ಮ ಪಕ್ಕದಲ್ಲಿ ಇಲ್ಲದಾಗ. ತಾಯಿ 'ಹೌದು' ಅಂದು ಮಗಳು 'ಇಲ್ಲ' ಅಂದರೆ ಎರಡನ್ನೂ ಹಾಗೆಯೇ ಬರೆದಿಡಿ. ಒಂದನ್ನು ಅಳಿಸಿ ಹೊಂದಿಸಲು ಹೋಗಬೇಡಿ.